ಪುಸ್ತಕ ತೆರೆದೇ ಬರೆದರೂ ಫೇಲಾದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಎಂಜಿನಿಯರ್. ಇಂಧನ ದಕ್ಷತಾ ಬ್ಯೂರೋ (ಬಿಇಇ) ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆಯ ಮೊದಲ ಮೂರು ಪೇಪರ್ ಪಾಸಾಗಿವೆ. ಪುಸ್ತಕ ನೋಡಿ ಬರೆಯುವ ನಾಲ್ಕನೆಯದರಲ್ಲೇ ಹೋಯಿತು. ನಾಲ್ಕೂ ಪುಸ್ತಕ ಒಯ್ದಿದ್ದೆ, ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿದ್ದೆ. ಆದರೆ ಬೇಕಾದ್ದು ಬೇಕಾದಾಗ ಸಿಗಲಿಲ್ಲ. ಎರಡು ಗಂಟೆಯಲ್ಲಿ ಅರ್ಧ ಸಮಯ ಹಾಳೆ ತಿರುವುವುದರಲ್ಲೇ ಕಳೆಯಿತು. ಮನೆಯಲ್ಲಿ ‘ಪುಸ್ತಕ ಇಟ್ಟುಕೊಂಡೂ ಫೇಲಾ?’ ಅಂತಾರೆ. ಮತ್ತೆ ಕಟ್ಟುವ ಮೊದಲು ನಿಮ್ಮ ಮಾತು ಕೇಳೋಣ ಅಂತ.

ಉತ್ತರ: ಮನೆಯವರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ನೂರು ಅಂಕದ ಆ ಪೇಪರ್ ಬಹುಪಾಲು ಲೆಕ್ಕದ್ದು. ಪುಸ್ತಕ ಕೈಯಲ್ಲಿರುವುದೇ ಅಲ್ಲಿ ಬಲೆ. ಎಲ್ಲವೂ ಇದೆ ಎಂಬ ಧೈರ್ಯದಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದೇ ಇಲ್ಲ. ನಿಮ್ಮ ಚೀಟಿಗಳ ತೊಂದರೆಯೂ ಅದೇ. ಪ್ರತಿ ಪುಟಕ್ಕೂ ಚೀಟಿ ಇದ್ದರೆ ಯಾವ ಪುಟಕ್ಕೂ ಚೀಟಿ ಇಲ್ಲದಂತೆಯೇ.

ಇನ್ನೊಂದು ಊಹೆ ನನ್ನದು. ನಿಮ್ಮ ಚೀಟಿಗಳ ಮೇಲೆ ಇದ್ದದ್ದು ಅಧ್ಯಾಯದ ಹೆಸರು: ಬಾಯ್ಲರ್, ಫರ್ನೇಸ್, ಪಂಪ್. ಪ್ರಶ್ನೆಪತ್ರಿಕೆ ಹಾಗೆ ಮಾತಾಡುವುದಿಲ್ಲ. ಅದು ಕೆಲವು ಅಳತೆ ಕೊಟ್ಟು ಒಂದನ್ನು ಕೇಳುತ್ತದೆ. ಆದ್ದರಿಂದ ಚೀಟಿಗಿಂತ ಮೊದಲು, ಯಾವುದು ಯಾವ ಪುಟದಲ್ಲಿದೆ ಎಂದು ಹೇಳುವ ನಿಮ್ಮದೇ ಒಂದು ಸೂಚಿ ಬೇಕು, ಅದರ ಕೀವರ್ಡ್‌ಗಳು ‘ಕೊಟ್ಟಿರುವುದು ಏನು, ಕೇಳಿರುವುದು ಏನು’ ಎಂಬುದರಿಂದ ಹುಟ್ಟಬೇಕು. ನಿಮ್ಮದೇ ಬಾಯ್ಲರ್ ಲೆಕ್ಕ ತೆಗೆದುಕೊಳ್ಳೋಣ.

ಪರೋಕ್ಷ ವಿಧಾನದಲ್ಲಿ ದಕ್ಷತೆ ಕಂಡುಹಿಡಿಯಿರಿ ಎಂಬ ಪ್ರಶ್ನೆ. ಕಲ್ಲಿದ್ದಲಿನಲ್ಲಿ ಇಂಗಾಲ 48%, ಹೈಡ್ರೋಜನ್ 3%, ಆಮ್ಲಜನಕ 10%, ಗಂಧಕ 0.5%. ಕ್ಯಾಲರಿ ಮೌಲ್ಯ 4500. ಹೊಗೆಯ ಉಷ್ಣತೆ 180 ಡಿಗ್ರಿ, ಹೊರಗಿನದು 30. ಹೊಗೆಯಲ್ಲಿ ಆಮ್ಲಜನಕ 7%. ಆರಂಭದ ಮೂರು ಹೆಜ್ಜೆ ಹೀಗೆ ಸಾಗುತ್ತವೆ:

```
ಸೈದ್ಧಾಂತಿಕ ಗಾಳಿ = [11.6×48 + 34.8×(3 − 10/8) + 4.35×0.5] / 100 = 6.2
ಹೆಚ್ಚುವರಿ ಗಾಳಿ = 7 / (21 − 7) × 100 = 50%
ನಿಜವಾದ ಗಾಳಿ = 6.2 × 1.5 = 9.3 (ಕೆಜಿ ಇಂಧನಕ್ಕೆ ಕೆಜಿ)
```

ಇದನ್ನು ನೀವು ಕಣ್ಣು ಮುಚ್ಚಿ ಮಾಡಬಲ್ಲಿರಿ. ಈಗ ಅದೇ ಪ್ರಶ್ನೆಯಲ್ಲಿ ಆಮ್ಲಜನಕದ ಬದಲು ಇಂಗಾಲದ ಡೈಆಕ್ಸೈಡ್ ಎಷ್ಟೆಂದು ಕೊಟ್ಟಿದ್ದಾರೆ ಅನ್ನಿ. ಹೆಚ್ಚುವರಿ ಗಾಳಿಯ ಸೂತ್ರವೇ ಬೇರೆಯಾಯಿತು. ಮೊದಲು ಸೈದ್ಧಾಂತಿಕ ಡೈಆಕ್ಸೈಡ್ ಎಷ್ಟೆಂದು ತೆಗೆದು, ಆಮೇಲೆ 7900 ರಿಂದ ಶುರುವಾಗುವ ಆ ಉದ್ದನೆಯ ಸೂತ್ರಕ್ಕೆ ಹಾಕಬೇಕು. ‘ಬಾಯ್ಲರ್’ ಎಂಬ ಚೀಟಿ ನಿಮ್ಮನ್ನು ಅಧ್ಯಾಯದ ಬಾಗಿಲಿಗೆ ಬಿಡುತ್ತದೆ, ಸೂತ್ರದ ಹತ್ತಿರಕ್ಕಲ್ಲ. ಸೂಚಿಯಲ್ಲಿ ಎರಡು ಬೇರೆ ಸಾಲು ಬೇಕು: ‘ಹೆಚ್ಚುವರಿ ಗಾಳಿ, ಆಮ್ಲಜನಕ ಕೊಟ್ಟರೆ’ ಮತ್ತು ‘ಹೆಚ್ಚುವರಿ ಗಾಳಿ, ಡೈಆಕ್ಸೈಡ್ ಕೊಟ್ಟರೆ’.

ಮುಂದಿನ ಹೆಜ್ಜೆಯಲ್ಲೂ ಇಂಥದೇ ಕವಲು. ಒಣ ಹೊಗೆಯ ತೂಕವನ್ನು ನಿಜವಾದ ಗಾಳಿಗೆ ಒಂದು ಕೂಡಿಸಿ ಸರಳವಾಗಿ 10.3 ಎನ್ನಬಹುದು, ಇಲ್ಲವೇ ಒಂದೊಂದು ಅನಿಲದ ತೂಕ ತೆಗೆದು ಕೂಡಿಸಬಹುದು. ಸರಳ ದಾರಿ ಹಿಡಿದು, ಹೊಗೆಯ ವಿಶಿಷ್ಟ ಶಾಖ 0.23 ಎಂದರೆ ಒಣ ಹೊಗೆಯ ನಷ್ಟ 7.9%, 0.24 ಎಂದರೆ 8.2%. ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಪುಸ್ತಕದಲ್ಲಿ ಕೊಟ್ಟಿರುವ ಬೆಲೆ ಹಾಕಿ, ‘ಹೀಗೆ ಹಿಡಿದಿದ್ದೇನೆ’ ಎಂದು ಉತ್ತರದಲ್ಲಿ ಬರೆಯಿರಿ. ಆ ಬೆಲೆ ಸೂಚಿಯ ಸಾಲಿನಲ್ಲೇ ಇದ್ದುಬಿಟ್ಟರೆ ಪುಟ ತೆರೆಯುವ ಕೆಲಸವೇ ಇಲ್ಲ. ಹೈಡ್ರೋಜನ್‌ನಿಂದಾಗುವ ನಷ್ಟದ ಸೂತ್ರದಲ್ಲಿ ಬರುವ 584 ಮತ್ತು 0.45 ಕೂಡ ಹಾಗೇ. ನೀವು ನಿತ್ಯ ನೋಡುವ ಕಬ್ಬಿನ ಸಿಪ್ಪೆಯ ತೇವಾಂಶದ ನಷ್ಟಕ್ಕೂ ಇವೇ ಎರಡು ಸಂಖ್ಯೆ, ಮುಂದಿನ ಗುಣಕ ಮಾತ್ರ ಬೇರೆ. ಆದ್ದರಿಂದ ಎರಡೂ ಸಾಲು ಅಕ್ಕಪಕ್ಕ ಇರಲಿ.

ಈ ಸಾಲುಗಳು ಎಲ್ಲಿಂದ ಬರುತ್ತವೆ ಅಂದರೆ, ಪುಸ್ತಕವನ್ನು ಮೊದಲಿನಿಂದ ಓದುತ್ತಾ ಕೀವರ್ಡ್ ಹೆಕ್ಕುವುದರಿಂದ ಅಲ್ಲ. ಹಾಗೆ ಮಾಡಿದರೆ ಪುಸ್ತಕದ ಕೊನೆಯ ಅನುಕ್ರಮಣಿಕೆ ಇನ್ನೊಮ್ಮೆ ಬರೆದಂತಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂತು, ಪುಸ್ತಕ ತೆರೆಯಬೇಕಾಗಿ ಬಂದಾಗಲೆಲ್ಲ ಆ ಹೊತ್ತಿಗೆ ತಲೆಯಲ್ಲಿದ್ದ ಪದವನ್ನು ಬರೆದುಕೊಳ್ಳಿ. ತಲೆಗೆ ಎರಡು ಪದ ಬಂದಿದ್ದರೆ ಎರಡನ್ನೂ ಬರೆಯಿರಿ. ‘ಎಲ್‌ಎಂಟಿಡಿ’ ಎಂದು ಒಮ್ಮೆ, ‘ಹೀಟ್ ಎಕ್ಸ್‌ಚೇಂಜರ್, ಉಷ್ಣತೆಯ ಸರಾಸರಿ ವ್ಯತ್ಯಾಸ’ ಎಂದು ಇನ್ನೊಮ್ಮೆ. ನೀವು ಪ್ರಶ್ನೆಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಓದುವುದಾದರೆ ಸೂಚಿಯೂ ಇಂಗ್ಲಿಷಿನಲ್ಲಿರಲಿ. ಅವಸರದಲ್ಲಿ ಅನುವಾದ ಮಾಡುತ್ತಾ ಕೂರಲಾಗದು.

ಎಕ್ಸೆಲ್‌ನಲ್ಲಿ ಮೂರು ಕಾಲಂ ಸಾಕು: ಕೀವರ್ಡ್, ಪುಸ್ತಕ ಮತ್ತು ಪುಟ, ಅಲ್ಲಿರುವುದು ಸೂತ್ರವೋ ಕೋಷ್ಟಕವೋ ಬಿಡಿಸಿದ ಲೆಕ್ಕವೋ. ಈ ಮೂರನೆಯ ಕಾಲಂ ಬಹಳ ಜನ ಬಿಡುತ್ತಾರೆ. ಉಳಿಯುವ ಸಮಯವೆಲ್ಲ ಅಲ್ಲೇ ಇರುವುದು, ಏಕೆಂದರೆ ಒತ್ತಡದಲ್ಲಿ ನಿಮಗೆ ಬೇಕಾಗುವುದು ಬಹುತೇಕ ಬಿಡಿಸಿದ ಲೆಕ್ಕವೇ. ಅಕ್ಷರಾನುಕ್ರಮವಾಗಿ ಜೋಡಿಸಿ ಮುದ್ರಿಸಿ. ನಾಲ್ಕೈದು ಹಾಳೆ ದಾಟಿದರೆ ಕತ್ತರಿ ಹಾಕಿ. ಸ್ನೇಹಿತರ ಸೂಚಿ ಎರವಲು ತರಬೇಡಿ. ಆವೃತ್ತಿ ಬದಲಾದರೆ ಪುಟಸಂಖ್ಯೆ ಬದಲಾಗುತ್ತದೆ, ಅದು ತಿಳಿಯುವುದು ಪರೀಕ್ಷಾ ಕೊಠಡಿಯಲ್ಲಿ.

ಚೀಟಿಗಳ ಮಾತು ಈಗ. ಹಳೆಯವನ್ನೆಲ್ಲ ಕಿತ್ತುಹಾಕಿ. ನಾಲ್ಕನೆಯ ಪುಸ್ತಕದ ಬಲ ಅಂಚಿಗೆ ಒಂದು ಯಂತ್ರಕ್ಕೆ ಒಂದರಂತೆ, ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಅಂಟಿಸಿ, ಒಂದರ ಮರೆಗೆ ಇನ್ನೊಂದು ಹೋಗಬಾರದು. ಎರಡೂ ಮಗ್ಗುಲಿಗೆ ಹೆಸರು ಬರೆಯಿರಿ. ಮೇಲಿನ ಅಂಚನ್ನು ಬಿಡಿಸಿದ ಲೆಕ್ಕಗಳಿಗೆ ಮಾತ್ರ ಮೀಸಲಿಡಿ. ಉಳಿದ ಮೂರು ಪುಸ್ತಕಕ್ಕೆ ಕೋಷ್ಟಕಗಳ ಕೆಲವು ಚೀಟಿ ಸಾಕು. ಬಣ್ಣ ಪುಸ್ತಕಕ್ಕೊಂದು, ಸೂಚಿಯಲ್ಲಿ ಆ ಪುಸ್ತಕದ ಪುಟಸಂಖ್ಯೆಯೂ ಅದೇ ಬಣ್ಣದಲ್ಲಿ. ಬಣ್ಣಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ಕೊಟ್ಟರೆ ಅದನ್ನು ನೆನಪಿಡುವುದೇ ಇನ್ನೊಂದು ಪೇಪರ್ ಆದೀತು.

ಸಿದ್ಧವಾದ ಮೇಲೆ ಮನೆಯವರ ಕೈಗೆ ಸೂಚಿ ಕೊಡಿ (ಮಾತಾಡಿದವರೇ ಆಗಲಿ!). ಅವರು ಯಾವುದಾದರೂ ಕೀವರ್ಡ್ ಓದಲಿ, ಸೂಚಿಯ ಇನ್ನೊಂದು ಪ್ರತಿ ನೋಡಿ ನೀವು ಪುಟ ತೆರೆಯಿರಿ. ಇಪ್ಪತ್ತು ಸೆಕೆಂಡು ಮೀರಿದ ಸಾಲಿಗೆ ಗುರುತು ಹಾಕಿ. ಸಾಮಾನ್ಯವಾಗಿ ಅಲ್ಲಿ ಪುಟಸಂಖ್ಯೆ ತಪ್ಪಿರುತ್ತದೆ, ಇಲ್ಲವೇ ಆ ಪದ ನಿಮ್ಮದಲ್ಲ, ಪುಸ್ತಕದ್ದಾಗಿರುತ್ತದೆ. ಆಮೇಲೆ ಇನ್ನೂ ನೋಡದ ಒಂದು ಹಳೆಯ ಪತ್ರಿಕೆಯನ್ನು ಗಡಿಯಾರ ಇಟ್ಟು ಬಿಡಿಸಿ. ಹುಡುಕಿಯೂ ಸೂಚಿಯಲ್ಲಿ ಸಿಗದ ಪದಗಳು ಅಂದೇ ಒಳಗೆ ಸೇರಲಿ, ಒಮ್ಮೆಯೂ ಮುಟ್ಟದ ಸಾಲುಗಳನ್ನು ಅಳಿಸಿದರೂ ನಷ್ಟವಿಲ್ಲ.

ಒಂದು ಎಚ್ಚರಿಕೆ. ಬಿಡಿ ಹಾಳೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆ ಮತ್ತು ಹಾಲ್ ಟಿಕೆಟ್ಟಿನ ಸೂಚನೆಗಳಲ್ಲಿ ಓದಿಕೊಳ್ಳಿ. ಅನುಮತಿ ಸ್ಪಷ್ಟವಾಗಿ ಇಲ್ಲದಿದ್ದರೆ ಸಂಘಟಕರಿಗೆ ಪತ್ರ ಬರೆದು ಕೇಳಿ. ಒಪ್ಪಿದರೆ ಸೂಚಿಯನ್ನು ನಾಲ್ಕನೆಯ ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿ, 1 ಟನ್ ರೆಫ್ರಿಜರೇಶನ್ ಅಂದರೆ ಗಂಟೆಗೆ 3024 ಕಿಲೋ ಕ್ಯಾಲರಿ, 1 ಯೂನಿಟ್ ಅಂದರೆ 860 ಕಿಲೋ ಕ್ಯಾಲರಿ ಎಂಬಂಥ ಪರಿವರ್ತನೆಗಳನ್ನು ಅದರ ನೆತ್ತಿಯಲ್ಲೇ ಬರೆದಿಡಿ.