ಕ್ಲಿಕ್ ಎಂದ ಮೇಲೂ ಏರುವ ಬಿಸಿ: ಆನ್-ಆಫ್ ಕಂಟ್ರೋಲ್ ಗೆಲ್ಲುವ ಎಂಟು ಸೂತ್ರಗಳು

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತಿದ ಕಾಯಿಲ್‌ಗಳ ತೇವ ಹೋಗಿಸಲು, ವಾರ್ನಿಷ್ ಒಣಗಿಸಲು ಒಂದು ಬಿಸಿ ಪೆಟ್ಟಿಗೆ ಇರುತ್ತದೆ. ತಗಡಿನ ಗೋಡೆ, ನಡುವೆ ಗ್ಲಾಸ್‌ವೂಲ್, ಕೆಳಗೆ ಹೀಟರ್, ಮೇಲೊಂದು ಸೆನ್ಸರ್, ಹೊರಗೆ ಒಂದು ಕಂಟ್ರೋಲರ್. ನಾನಿಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವ ಪೆಟ್ಟಿಗೆಯನ್ನು 100 ಡಿಗ್ರಿಗೆ ಇಡಲಾಗಿದೆ. 99ಕ್ಕೆ ಹೀಟರ್ ಹತ್ತುತ್ತದೆ, 101ಕ್ಕೆ ಆರುತ್ತದೆ. ಈ ಎರಡು ಡಿಗ್ರಿಯ ಅಂತರವೇ ಹಿಸ್ಟರಿಸಿಸ್. ಆದರೆ ಮೀಟರ್ ನೋಡುತ್ತ ನಿಂತರೆ ಉಷ್ಣತೆ 96ರಿಂದ 108ರವರೆಗೆ ಓಡಾಡುತ್ತದೆ. ಎರಡು ಡಿಗ್ರಿ ಕೇಳಿದವನಿಗೆ ಹನ್ನೆರಡು ಸಿಕ್ಕಿದ್ದು ಹೇಗೆ? ಕಂಟ್ರೋಲರ್ ಕೆಟ್ಟಿದೆ ಎಂದು ಬದಲಾಯಿಸುವ ಮೊದಲು ಇದನ್ನು ಓದಿ.

1. ಕಂಟ್ರೋಲರ್ ಅನ್ನು ಬೈಯಬೇಡಿ, ವಿಳಂಬವನ್ನು ಹಿಡಿಯಿರಿ

ಸೌದೆ ಒಲೆಯಿಂದ ಕೊಳ್ಳಿ ಹೊರಗೆಳೆದ ಮೇಲೂ ಕೆಂಡದ ಕಾವಿಗೆ ಅನ್ನ ತಳ ಹಿಡಿಯುತ್ತದೆ. ಇಲ್ಲಿ ಆಗುವುದೂ ಅದೇ. ರಿಲೇ ಕ್ಲಿಕ್ ಎಂದು ಹೀಟರ್ ಆರಿದರೂ ಅದರ ಮೈಯಲ್ಲಿ ಉಳಿದ ಬಿಸಿ ಗಾಳಿಗೆ ಇಳಿದು, ಗಾಳಿ ಸುತ್ತಿ ಸೆನ್ಸರ್ ಮುಟ್ಟುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗುತ್ತದೆ. ಅಷ್ಟು ಹೊತ್ತೂ ಉಷ್ಣತೆ ಹಳೆಯ ವೇಗದಲ್ಲೇ ಏರುತ್ತಿರುತ್ತದೆ. ಹೀಟರ್ ಹತ್ತಿದಾಗಲೂ ಹೀಗೆಯೇ, ಸುದ್ದಿ ಸೆನ್ಸರ್‌ಗೆ ತಲುಪುವವರೆಗೆ ಇಳಿತ ನಿಲ್ಲುವುದಿಲ್ಲ. ಕಂಟ್ರೋಲರ್ ಹೇಳಿದ ಕಡೆ ಹೇಳಿದಂತೆ ಕೆಲಸ ಮಾಡಿದೆ. ಮಿಕ್ಕಿದ್ದೆಲ್ಲ ವಿಳಂಬದ ಕೆಲಸ.

2. ಮೂರು ಸಂಖ್ಯೆ ಅಳೆಯಿರಿ, ಸ್ಟಾಪ್‌ವಾಚ್ ಸಾಕು

ಪುಸ್ತಕಗಳು ಪೆಟ್ಟಿಗೆಯ ಕಾಲ ಸ್ಥಿರಾಂಕವನ್ನು ಅಳೆಯಲು ಹೇಳುತ್ತವೆ. ಹೀಟರ್ ಪೂರ್ತಿ ಹಾಕಿ, ಉಷ್ಣತೆ ಏರಿ ಏರಿ ನಿಲ್ಲುವವರೆಗಿನ ಒಟ್ಟು ಏರಿಕೆಯ ಶೇ. 63ರಷ್ಟು ಏರಲು ಎಷ್ಟು ಹೊತ್ತು ಬೇಕೋ ಅದೇ ಕಾಲ ಸ್ಥಿರಾಂಕ. ಆದರೆ ಒಣಗಿಸುವ ಪೆಟ್ಟಿಗೆಯನ್ನು ಅದು ನಿಲ್ಲುವ ಮಟ್ಟದವರೆಗೆ ಕಾಯಿಸುವುದು ಅಪಾಯ. ಅದರ ಅಗತ್ಯವೂ ಇಲ್ಲ, ನಮಗೆ ಬೇಕಾದದ್ದು 100ರ ಆಸುಪಾಸಿನ ವೇಗ ಮಾತ್ರ.

ಪೆಟ್ಟಿಗೆ ಚೆನ್ನಾಗಿ ಕಾದು, ಏಳೆಂಟು ಸಲ ಹತ್ತಿ ಆರಿದ ಮೇಲೆ ಸೆಟ್‌ಪಾಯಿಂಟನ್ನು ತುಸು ಹೊತ್ತು 80ಕ್ಕೆ ಇಳಿಸಿ. ಬೀಳುವಾಗ 105ರಿಂದ 95ಕ್ಕೆ ಎಷ್ಟು ಹೊತ್ತು ಎಂದು ಬರೆದುಕೊಳ್ಳಿ. ಆಮೇಲೆ 110ಕ್ಕೆ ಏರಿಸಿ, 95ರಿಂದ 105ಕ್ಕೆ ಹತ್ತುವ ಹೊತ್ತನ್ನು ಬರೆದುಕೊಳ್ಳಿ. ನಮ್ಮ ಪೆಟ್ಟಿಗೆಯಲ್ಲಿ ಇಳಿಯಲು 160 ಸೆಕೆಂಡು, ಏರಲು 53 ಸೆಕೆಂಡು. ಅಂದರೆ ನಿಮಿಷಕ್ಕೆ 11.25 ಡಿಗ್ರಿ ಏರಿಕೆ, 3.75 ಡಿಗ್ರಿ ಇಳಿಕೆ. ಮೂರನೆಯದು ವಿಳಂಬ: ಹೀಟರ್‌ನ ದೀಪ ಆರಿದ ಗಳಿಗೆಯಿಂದ ಮೀಟರಿನ ಅಂಕಿ ತುದಿ ಮುಟ್ಟುವವರೆಗಿನ ಹೊತ್ತು. ಇಲ್ಲಿ 40 ಸೆಕೆಂಡು.

ಪರೀಕ್ಷೆಯ ವೇಳೆ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇಡುವಷ್ಟು ಸ್ಟೇಟರ್‌ಗಳು ಇರಲಿ, ಆದರೆ ವಾರ್ನಿಷ್ ಹಚ್ಚಿದವು ಬೇಡ. ಖಾಲಿ ಪೆಟ್ಟಿಗೆಯ ವೇಗವೇ ಬೇರೆ, ಕಬ್ಬಿಣ ತುಂಬಿದ ಪೆಟ್ಟಿಗೆಯ ವೇಗವೇ ಬೇರೆ.

3. ಲೆಕ್ಕ ಎರಡೇ ಸಾಲು

ಏರುವ ವೇಗ a, ಇಳಿಯುವ ವೇಗ b, ವಿಳಂಬ L, ಹತ್ತುವ-ಆರುವ ಬಿಂದುಗಳ ಅಂತರ H ಎಂದುಕೊಳ್ಳಿ. ತುದಿಯಿಂದ ತುದಿಗೆ ಆಗುವ ಏರಿಳಿತ A, ಒಂದು ಪೂರ್ಣ ಸುತ್ತಿನ ಅವಧಿ T.

```
A = H + L × (a + b)
T = A/a + A/b
```

ಮೊದಲ ಸಾಲಿನ ಅರ್ಥ ನೇರ. 101ಕ್ಕೆ ಆರಿದ ಮೇಲೆ L ಹೊತ್ತು a ವೇಗದಲ್ಲಿ ಏರಿಕೆ, 99ಕ್ಕೆ ಹತ್ತಿದ ಮೇಲೆ L ಹೊತ್ತು b ವೇಗದಲ್ಲಿ ಇಳಿಕೆ. ಎರಡನ್ನೂ ನಡುವಿನ ಅಂತರಕ್ಕೆ ಕೂಡಿದರೆ A ಸಿಕ್ಕಿತು. ಎರಡನೆಯ ಸಾಲು, ಅಷ್ಟು ದೂರ ಹತ್ತಲು ಹಿಡಿದ ಹೊತ್ತಿಗೆ ಇಳಿಯಲು ಹಿಡಿದ ಹೊತ್ತನ್ನು ಕೂಡಿದ್ದು.

ಈಗ ಅಂಕಿ ಹಾಕಿ. a ಮತ್ತು b ಕೂಡಿದರೆ ನಿಮಿಷಕ್ಕೆ 15 ಡಿಗ್ರಿ. 40 ಸೆಕೆಂಡು ಎಂದರೆ ನಿಮಿಷದ ಮೂರನೇ ಎರಡು ಭಾಗ, ಆದ್ದರಿಂದ ವಿಳಂಬದ ಪಾಲು 10 ಡಿಗ್ರಿ. ಹಿಸ್ಟರಿಸಿಸ್‌ನ 2 ಸೇರಿ ಏರಿಳಿತ 12 ಡಿಗ್ರಿ. 12 ಡಿಗ್ರಿ ಏರಲು 64 ಸೆಕೆಂಡು, ಇಳಿಯಲು 192. ಒಟ್ಟು 256 ಸೆಕೆಂಡು, ಅಂದರೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಏರಿಳಿತದ ಹಾದಿಯನ್ನು ನೇರ ಗೆರೆ ಎಂದು ಎಣಿಸದೆ, ಬಾಗಿದ ಗೆರೆಯನ್ನೇ ಹಿಡಿದು ಲಾಗರಿದಮ್‌ನಲ್ಲಿ ಲೆಕ್ಕ ಮಾಡಿದರೆ 11.8 ಡಿಗ್ರಿ ಮತ್ತು 246 ಸೆಕೆಂಡು ಬರುತ್ತದೆ. ಅಂಗಡಿಯ ಕೆಲಸಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಕಾಲ ಸ್ಥಿರಾಂಕ ಬೇಕೇಬೇಕು ಎಂದರೆ ಅದೂ ಇಲ್ಲೇ ಇದೆ. ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಪೆಟ್ಟಿಗೆ 75 ಡಿಗ್ರಿ ಮೇಲಿದೆ. 75ನ್ನು ಇಳಿಕೆಯ ವೇಗ 3.75ರಿಂದ ಭಾಗಿಸಿ: 20 ನಿಮಿಷ. ಅದನ್ನು a ಮತ್ತು b ಕೂಡಿ ಬಂದ 15ರಿಂದ ಗುಣಿಸಿದರೆ 300. ಹೀಟರ್ ಆರದೇ ಉರಿದರೆ ಪೆಟ್ಟಿಗೆ ಹೊರಗಿನ ಗಾಳಿಗಿಂತ 300 ಡಿಗ್ರಿ ಮೇಲೆ, ಅಂದರೆ 325ಕ್ಕೆ ಹೋಗಿ ನಿಲ್ಲುತ್ತದೆ. ಈ ಸಂಖ್ಯೆಯನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

4. ಹಿಸ್ಟರಿಸಿಸ್ ಕಡಿಮೆ ಮಾಡಿ ಗೆಲ್ಲಲಾಗದು

ಎಲ್ಲರ ಕೈಯೂ ಮೊದಲು ಹೋಗುವುದು ಇಲ್ಲಿಗೇ. ಎರಡು ಡಿಗ್ರಿಯ ಅಂತರವನ್ನು ಸೊನ್ನೆಗೇ ಇಳಿಸಿದಿರಿ ಎಂದುಕೊಳ್ಳಿ. ವಿಳಂಬದ 10 ಡಿಗ್ರಿ ಎಲ್ಲಿಗೂ ಹೋಗಲಿಲ್ಲ. ಏರಿಳಿತ 12ರಿಂದ 10ಕ್ಕೆ ಬಂತು, ಸುತ್ತಿನ ಅವಧಿ 256ರಿಂದ 213 ಸೆಕೆಂಡಿಗೆ ಇಳಿಯಿತು. ಲಾಭ ಎರಡು ಡಿಗ್ರಿ, ಬದಲಿಗೆ ರಿಲೇ ಹೆಚ್ಚು ದುಡಿಯಿತು. ಸಾಲದ್ದಕ್ಕೆ, ಸೆನ್ಸರ್ ತಂತಿಯಲ್ಲಿ ಕಾಲು ಡಿಗ್ರಿಯಷ್ಟು ಗದ್ದಲ ಇದ್ದರೂ ರಿಲೇ ಟಕಟಕ ಬಡಿಯಲು ಶುರುಮಾಡುತ್ತದೆ. ನನ್ನ ಲೆಕ್ಕದಲ್ಲಿ ಇಂಥ ಪೆಟ್ಟಿಗೆಗೆ ಒಂದೆರಡು ಡಿಗ್ರಿಯ ಅಂತರ ಸರಿಯಾದದ್ದೇ.

ಹಾಗೆಯೇ ನಿಮ್ಮ ಕಂಟ್ರೋಲರ್ ಆ ಅಂತರವನ್ನು ಎಲ್ಲಿ ಹಂಚುತ್ತದೆ ಎಂದು ನೋಡಿಕೊಳ್ಳಿ. ಕೆಲವು 99-101 ಎಂದು ಎರಡೂ ಕಡೆ ಹಂಚುತ್ತವೆ, ಕೆಲವು 98-100 ಎಂದು ಕೆಳಗಡೆಗೇ ಇಡುತ್ತವೆ.

5. ಸರಾಸರಿ ಸೆಟ್‌ಪಾಯಿಂಟಿನ ಮೇಲೆ ಇರುವುದಿಲ್ಲ

ಏರುವ ವೇಗ ಇಳಿಯುವುದರ ಮೂರು ಪಟ್ಟು. ಹಾಗಾಗಿ ಅದೇ 40 ಸೆಕೆಂಡಿನಲ್ಲಿ ಮೇಲಕ್ಕೆ 7.5 ಡಿಗ್ರಿ ಚಿಮ್ಮಿದರೆ ಕೆಳಕ್ಕೆ ಜಾರುವುದು 2.5 ಮಾತ್ರ. ತುದಿ 108.5, ತಳ 96.5, ನಡುಮಟ್ಟ 102.5. ಮಾಲು ನಿಜವಾಗಿ ಕಾಣುತ್ತಿರುವ ಸರಾಸರಿ ಬಿಸಿ ಇದೇ. 100 ಬೇಕಿದ್ದರೆ ಸೆಟ್‌ಪಾಯಿಂಟನ್ನು 97.5ಕ್ಕೆ ಇಡಿ.

ಸಂಜೆ ವೋಲ್ಟೇಜ್ ಬಿದ್ದಾಗ ಈ ಲೆಕ್ಕ ಬದಲಾಗುತ್ತದೆ. 230 ಇದ್ದದ್ದು 200 ಆದರೆ ಹೀಟರ್‌ನ ಶಕ್ತಿ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ, ಏರಿಳಿತವೂ ಒಂಬತ್ತೂವರೆ ಡಿಗ್ರಿಗೆ ಬರುತ್ತದೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಕಾಣುತ್ತದೆ ಎಂದು ದೂರುವವರ ಪೆಟ್ಟಿಗೆಯಲ್ಲಿ ಮೊದಲು ವೋಲ್ಟೇಜ್ ನೋಡಬೇಕು.

6. ಹೀಟರ್ ಅರ್ಧ ಮಾಡಿ

ಇದು ನಾನು ಎಲ್ಲಕ್ಕಿಂತ ಮೇಲೆ ಇಡುವ ಮದ್ದು. ಹೀಟರ್‌ನ ಶಕ್ತಿ ಅರ್ಧವಾದರೆ 300 ಡಿಗ್ರಿಯ ಏರಿಕೆ 150 ಆಗುತ್ತದೆ. ಏರುವ ವೇಗವೂ ಇಳಿಯುವ ವೇಗವೂ ನಿಮಿಷಕ್ಕೆ 3.75 ಆಗಿ ಸಮವಾಗುತ್ತವೆ. ವಿಳಂಬದ ಪಾಲು 5 ಡಿಗ್ರಿಗೆ ಇಳಿದು, ಒಟ್ಟು ಏರಿಳಿತ 7. ಸುತ್ತಿನ ಅವಧಿ 224 ಸೆಕೆಂಡು. ಮೇಲೆ ಮೂರೂವರೆ, ಕೆಳಗೆ ಮೂರೂವರೆ, ಆದ್ದರಿಂದ ಸರಾಸರಿಯೂ ತಾನಾಗಿ 100ಕ್ಕೆ ಬಂದು ಕೂರುತ್ತದೆ.

ತೆರಬೇಕಾದ ಬೆಲೆ ಬೆಳಗಿನ ಕಾಯುವಿಕೆ. ಪೂರ್ತಿ ಶಕ್ತಿಯಲ್ಲಿ 25ರಿಂದ 100ಕ್ಕೆ ಆರು ನಿಮಿಷ ಸಾಕಿದ್ದರೆ, ಅರ್ಧದಲ್ಲಿ ಹದಿನಾಲ್ಕು ನಿಮಿಷ ಬೇಕು. ಇದಕ್ಕೂ ದಾರಿ ಇದೆ. ಒಂದು ದೊಡ್ಡ ಹೀಟರ್ ಬದಲು ಸಮ ಶಕ್ತಿಯ ಎರಡು ಹೀಟರ್ ಹಾಕಿ, ಎರಡನೆಯದಕ್ಕೆ ಪ್ರತ್ಯೇಕ ಸ್ವಿಚ್ ಕೊಡಿ. ಬೆಳಿಗ್ಗೆ ಎರಡೂ ಉರಿಯಲಿ, 85 ದಾಟಿದ ಮೇಲೆ ಒಂದನ್ನು ಆರಿಸಿ.

7. ವಿಳಂಬವನ್ನು ಕತ್ತರಿಸಿ, ರಿಲೇಯ ಆಯಸ್ಸನ್ನೂ ಎಣಿಸಿ

ಒಳಗೊಂದು ಫ್ಯಾನ್ ಹಾಕಿ ಗಾಳಿ ತಿರುಗಿಸಿ. ಸೆನ್ಸರನ್ನು ದಪ್ಪ ಕೊಳವೆಯೊಳಗೆ ಹುದುಗಿಸಿದ್ದರೆ ಹೊರತೆಗೆದು ತೆಳು ಕೊಳವೆಗೆ ಹಾಕಿ, ಮೂಲೆಯಲ್ಲಿದ್ದರೆ ಗಾಳಿಯ ದಾರಿಗೆ ತನ್ನಿ. ಹೀಗೆ 40 ಸೆಕೆಂಡು 20ಕ್ಕೆ ಬಂದರೆ ಪೂರ್ತಿ ಹೀಟರ್‌ನಲ್ಲೇ ಏರಿಳಿತ 7 ಡಿಗ್ರಿಗೆ ಇಳಿಯುತ್ತದೆ. ಆದರೆ ಸುತ್ತಿನ ಅವಧಿಯೂ 149 ಸೆಕೆಂಡಿಗೆ ಇಳಿಯುತ್ತದೆ, ರಿಲೇಗೆ ಪೆಟ್ಟು ಬೀಳುವುದು ಇಲ್ಲಿ.

ಪೂರ್ತಿ ಲೋಡಿನಲ್ಲಿ ಒಂದು ಲಕ್ಷ ಸಲ ಹತ್ತಿ ಆರುವ ರಿಲೇ ಎಂದುಕೊಳ್ಳಿ. 256 ಸೆಕೆಂಡಿಗೊಮ್ಮೆಯಾದರೆ ದಿನಕ್ಕೆ 337 ಸಲ, ಹಗಲು ರಾತ್ರಿ ಓಡಿದರೆ ಹತ್ತು ತಿಂಗಳು ಬಾಳುತ್ತದೆ. 149 ಸೆಕೆಂಡಿಗೊಮ್ಮೆಯಾದರೆ ಆರು ತಿಂಗಳೊಳಗೆ ಮುಗಿಯುತ್ತದೆ. ಅವಧಿ ಇಷ್ಟು ಚಿಕ್ಕದಾದರೆ ಸಾಲಿಡ್ ಸ್ಟೇಟ್ ರಿಲೇ ಹಾಕುವುದೇ ಲೇಸು. ಅದಕ್ಕೆ ಹೀಟ್‌ಸಿಂಕ್ ತಪ್ಪಿಸಬೇಡಿ.

8. ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ನೋಡಬೇಕು

ಮೊದಲ ಸಲ ತಣ್ಣಗಿನಿಂದ ಕಾಯಿಸುವಾಗ ತುದಿ 108 ದಾಟಿ 115ಕ್ಕೆ ಹೋದರೆ ಗಾಬರಿಯಾಗಬೇಡಿ. ಬಹಳ ಹೊತ್ತು ಎಡೆಬಿಡದೆ ಉರಿದ ಹೀಟರ್ ಮೈತುಂಬ ಬಿಸಿ ಹೊತ್ತಿರುತ್ತದೆ, ನಮ್ಮ ಸರಳ ಲೆಕ್ಕ ಅದನ್ನು ಎಣಿಸಿಲ್ಲ. ಏಳೆಂಟು ಸುತ್ತು ಬಿಟ್ಟು ಆಮೇಲೆ ಅಳೆಯಿರಿ. ವಿಳಂಬವು ಕಾಲ ಸ್ಥಿರಾಂಕದ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಾದರೆ ನೇರ ಗೆರೆಯ ಲೆಕ್ಕ ಸಡಿಲವಾಗುತ್ತ ಹೋಗುತ್ತದೆ. ನಮ್ಮಲ್ಲಿ 20 ನಿಮಿಷಕ್ಕೆ 40 ಸೆಕೆಂಡು, ಅಂದರೆ ಮೂವತ್ತರಲ್ಲಿ ಒಂದು ಪಾಲು, ಆದ್ದರಿಂದ ತೊಂದರೆ ಇಲ್ಲ.

ಇನ್ನೊಂದು ಮೋಸ ಮೀಟರಿನದು. ನಿಧಾನದ ಸೆನ್ಸರ್ ತುದಿ ಮುಟ್ಟುವ ಮೊದಲೇ ಗಾಳಿ ಹಿಂತಿರುಗಿರುತ್ತದೆ. ಸೆನ್ಸರ್‌ನದೇ ಕಾಲ ಸ್ಥಿರಾಂಕ 20 ಸೆಕೆಂಡು ಇದ್ದರೆ, ಮೀಟರ್ 12 ತೋರಿಸಿದಾಗ ಗಾಳಿಯಲ್ಲಿ ಆಗುತ್ತಿರುವುದು ಹದಿಮೂರಕ್ಕೂ ಮೇಲೆ. ತೆಳುವಾದ ಇನ್ನೊಂದು ಥರ್ಮೋಕಪಲ್ ಪಕ್ಕಕ್ಕೆ ಇಟ್ಟು ನೋಡಿದರೆ ತಿಳಿಯುತ್ತದೆ.

ಇನ್ನು ಆ 325. ರಿಲೇಯ ಕಾಂಟ್ಯಾಕ್ಟ್ ಸವೆದು ಸಾಯುವಾಗ ಎಷ್ಟೋ ಸಲ ತೆರೆದುಕೊಂಡು ಸಾಯುವುದಿಲ್ಲ, ಅಂಟಿಕೊಂಡು ಸಾಯುತ್ತದೆ. ಆಗ ಕಂಟ್ರೋಲರ್ ಆಫ್ ಎಂದು ತೋರಿಸುತ್ತಿದ್ದರೂ ಹೀಟರ್ ಉರಿಯುತ್ತಲೇ ಇರುತ್ತದೆ, ಮತ್ತು ಪೆಟ್ಟಿಗೆಯಲ್ಲಿರುವುದು ವಾರ್ನಿಷ್‌ನ ಆವಿ, ಹೊತ್ತಿಕೊಳ್ಳುವ ವಸ್ತು. 130 ಡಿಗ್ರಿಗೆ ತೆರೆದುಕೊಳ್ಳುವ, ಕೈಯಿಂದಲೇ ರೀಸೆಟ್ ಮಾಡಬೇಕಾದ ಬೇರೆಯದೇ ಥರ್ಮಲ್ ಕಟೌಟ್ ಒಂದನ್ನು, ಬೇರೆಯದೇ ಕಾಂಟ್ಯಾಕ್ಟರ್ ಮೂಲಕ ಹೀಟರ್ ಲೈನಿಗೆ ಹಾಕಿಸಿ. ಆವಿ ಹೊರಹೋಗುವ ಕಿಂಡಿಯನ್ನು ಬಿಸಿ ಉಳಿಸಲು ಮುಚ್ಚಿದ್ದರೆ ಇವತ್ತೇ ತೆರೆಯಿರಿ.