ಕಿತ್ತಳೆ ತ್ರಿಕೋನದ ಪರೀಕ್ಷೆ

ಅಂಗಡಿ ಬಿಲ್ಲಿನ ಫೋಟೊ ಹಾಕಿದರೆ ಲೆಕ್ಕ ಬರೆದುಕೊಡುವ ಎಐ ಆ್ಯಪ್ ನಿಜಕ್ಕೂ ಬಿಲ್ಲನ್ನು ನೋಡುತ್ತದೋ, ಸುಮ್ಮನೆ ಊಹಿಸುತ್ತದೋ ಎಂಬುದು ಓದುಗರೊಬ್ಬರ ಅನುಮಾನ. ಅನುಮಾನ ಸರಿಯಾದದ್ದೇ. ಫೋಟೊ ಒಳಗೆ ತಲುಪದಿದ್ದರೂ ಕೆಲವೊಮ್ಮೆ ಇಂಥ ಆ್ಯಪ್‌ಗಳು ಧೈರ್ಯವಾಗಿ ಉತ್ತರ ಹೇಳಿಬಿಡುತ್ತವೆ.

ಇದನ್ನು ಪರೀಕ್ಷಿಸಲು ಆ ಓದುಗರು ಪೇಂಟ್‌ನಲ್ಲಿ ಬಿಳಿ ಹಾಳೆ ತೆರೆದು ಎಡ ಮೇಲ್ಮೂಲೆಯಲ್ಲಿ ನೇರಳೆ ಚೌಕ, ಅದರ ಕೆಳಗೆ ಎರಡು ಕಿತ್ತಳೆ ತ್ರಿಕೋನ, ಬಲತುದಿಗೆ ಬೂದು ವೃತ್ತ ಬಿಡಿಸಲಿ. ಕೆಂಪು ವೃತ್ತ, ನೀಲಿ ಚೌಕ ಬೇಡವೇ ಬೇಡ. ನೋಡದೆ ಹೇಳುವವರ ಬಾಯಿಗೂ ಮೊದಲು ಬರುವುದು ಅವೇ. ಫೈಲಿಗೆ `a1.png` ಎಂದಷ್ಟೇ ಹೆಸರು ಸಾಕು. `orange_triangle.png` ಎಂದಿಟ್ಟರೆ ಪ್ರಶ್ನೆಪತ್ರಿಕೆಯ ಜತೆ ಉತ್ತರವನ್ನೂ ಕೊಟ್ಟಂತೆ!

ಚಿತ್ರವನ್ನು ಆ್ಯಪ್‌ಗೆ ಹಾಕಿ, ಯಾವ ಆಕಾರ, ಯಾವ ಬಣ್ಣ, ಎಲ್ಲೆಲ್ಲಿ ಎಂದಷ್ಟೇ ಕೇಳಬೇಕು. ಆಮೇಲೆ ಚಿತ್ರವನ್ನು ಎಡಬಲ ಮಗುಚಿ, ಒಂದು ತ್ರಿಕೋನ ಅಳಿಸಿ, ಹೊಸ ಸಂವಾದದಲ್ಲಿ ಅದೇ ಪ್ರಶ್ನೆ. ಉತ್ತರ ಬದಲಾಗದಿದ್ದರೆ ಗುಟ್ಟು ರಟ್ಟು. ‘ಹಳದಿ ನಕ್ಷತ್ರ ಎಲ್ಲಿದೆ?’ ಎಂಬ ಕೀಟಲೆಗೆ ಆ್ಯಪ್ ‘ಇಲ್ಲ’ ಎನ್ನಬೇಕು.

ಪಾಸಾದರೆ ಚಿತ್ರ ತಲುಪುತ್ತಿದೆ ಎಂಬುದಷ್ಟೇ ಖಾತ್ರಿ. ಮಸುಕು ಬಿಲ್ಲಿನ 3 ಅನ್ನು 8 ಎಂದು ಓದುವ ತಪ್ಪು ಇದರಲ್ಲಿ ಸಿಕ್ಕಿಬೀಳದು. ಅದಕ್ಕೆ ಮೊತ್ತ ಗೊತ್ತಿರುವ ಹಳೆಯ ಬಿಲ್ಲೊಂದನ್ನೇ ಹಾಕಿ ನೋಡಬೇಕು.