ಎಂಟು ಗಂಟೆಗೆ 9, ನಾಲ್ಕೂವರೆ ಗಂಟೆಗೆ 16

ಗೊರಕೆ, ಹಗಲು ತೂಕಡಿಕೆ ಎಂದು ಹೋದವರಿಗೆ ಡಾಕ್ಟರು ನಿದ್ರೆ ಪರೀಕ್ಷೆ ಬರೆದುಕೊಟ್ಟರೆ, ಮನೆಯಲ್ಲೇ ಮಾಡುವ ಪರೀಕ್ಷೆಯ ಕಡಿಮೆ ದರವೇ ಮೊದಲು ಕಣ್ಣಿಗೆ ಬೀಳುತ್ತದೆ. ಬರೀ ತಪಾಸಣೆಗೆಂದು ದಾಖಲಾದರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಕೈ ಎತ್ತುತ್ತದೆ, ಹಾಗಾಗಿ ಆ ಲೆಕ್ಕಾಚಾರ ತಪ್ಪೇನಲ್ಲ. ಆದರೆ ದರದ ಜೊತೆಗೆ ಇನ್ನೊಂದನ್ನೂ ತೂಗಬೇಕು: ಉಸಿರುಕಟ್ಟುವ ತೊಂದರೆ ಇದೆ ಎಂದು ಮನೆಯ ಪರೀಕ್ಷೆ ಹೇಳಿದರೆ ಬಹುಮಟ್ಟಿಗೆ ನಂಬಬಹುದು, ಇಲ್ಲ ಎಂದರೆ ನಂಬಿ ಸುಮ್ಮನಾಗುವಂತಿಲ್ಲ.

ಕಾರಣ ಕಿಟ್‌ನಲ್ಲೇ ಇದೆ. ಸಾಮಾನ್ಯವಾಗಿ ಕೊಡುವ ಕಿಟ್‌ನಲ್ಲಿ ಮೂಗಿಗೊಂದು ಸಣ್ಣ ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೊಂದು ಆಕ್ಸಿಮೀಟರ್ ಇರುತ್ತವೆ. ಉಸಿರು ಮತ್ತು ಆಮ್ಲಜನಕ ದಾಖಲಾಗುತ್ತವೆ, ನೀವು ಮಲಗಿದ್ದಿರೋ ಎಚ್ಚರವಾಗಿ ಹೊರಳಾಡುತ್ತಿದ್ದಿರೋ ಅದಕ್ಕೆ ತಿಳಿಯದು. ಲ್ಯಾಬಿನಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸಿ ನಿದ್ದೆಯನ್ನೇ ಅಳೆಯುತ್ತಾರೆ. ಒಂದು ತಂತಿ ಕಳಚಿದರೂ ಟೆಕ್ನಿಷಿಯನ್ ಬಂದು ಸರಿಮಾಡುತ್ತಾರೆ. ಈಗ ಲೆಕ್ಕ ನೋಡಿ. ರಾತ್ರಿಯಲ್ಲಿ ಉಸಿರು ನಿಂತದ್ದು ಅಥವಾ ಕುಗ್ಗಿದ್ದು 72 ಸಲ, ಕಿಟ್ ಓಡಿದ್ದು 8 ಗಂಟೆ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ಗಂಟೆಗೆ 9. ಐದರಿಂದ ಹದಿನೈದರೊಳಗೆ ಬಂದದ್ದರಿಂದ ವರದಿ ‘ಸೌಮ್ಯ’ ಎನ್ನುತ್ತದೆ. ಅದೇ ಮನುಷ್ಯ ನಿಜವಾಗಿ ಮಲಗಿದ್ದು ನಾಲ್ಕೂವರೆ ಗಂಟೆಯಾದರೆ 72 ಭಾಗ 4.5, ಅಂದರೆ 16. ‘ಮಧ್ಯಮ’ ದರ್ಜೆಗೆ ಏರಿತು. ಇನ್ನೂ ಇದೆ: ಆಮ್ಲಜನಕ ಹೆಚ್ಚು ಇಳಿಯದೆ, ಉಸಿರು ಕುಗ್ಗಿ ಮಿದುಳು ಕ್ಷಣಕಾಲ ಎಚ್ಚೆತ್ತ ಪ್ರಸಂಗಗಳನ್ನು ಲ್ಯಾಬು ಎಣಿಸಬಲ್ಲದು, ಕಿಟ್ ಎಣಿಸಲಾರದು. ಅಂಥವು 18 ಇದ್ದರೆ ಒಟ್ಟು 90, ಸರಾಸರಿ 20. ಲಕ್ಷಣಗಳಿದ್ದೂ ಮನೆಯ ಪರೀಕ್ಷೆ ‘ಇಲ್ಲ’ ಎಂದರೆ ಲ್ಯಾಬಿಗೆ ಹೋಗಿ ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ 2017ರ ಮಾರ್ಗಸೂಚಿ ಹೇಳುವುದು ಇದಕ್ಕೇ. ಆಗ ಎರಡೂ ಬಿಲ್ ನಿಮ್ಮದೇ.

ಅಪರಿಚಿತ ಹಾಸಿಗೆ, ಮೈತುಂಬ ತಂತಿ, ಅಲ್ಲಿ ಯಾರಿಗೆ ನಿದ್ದೆ ಬರುತ್ತದೆ ಎಂಬ ಆಕ್ಷೇಪ ನಿಜ. ಆದರೆ ನಿದ್ದೆ ಕೆಟ್ಟದ್ದೂ ಅಲ್ಲಿ ದಾಖಲಾಗುತ್ತದೆ. ಕಿಟ್‌ನಲ್ಲಿ ಕೆಟ್ಟ ನಿದ್ದೆ ಒಳ್ಳೆಯ ಅಂಕದ ವೇಷದಲ್ಲಿ ಬರುತ್ತದೆ. ಎಲ್ಲರಿಗೂ ಲ್ಯಾಬೇ ಬೇಕೆಂದೂ ಅಲ್ಲ. ಜೋರು ಗೊರಕೆ, ಉಸಿರು ನಿಂತದ್ದನ್ನು ಮನೆಯವರೇ ಕಂಡಿರುವುದು, ರಕ್ತದೊತ್ತಡ, ಹಗಲು ನಿದ್ದೆ ಇವೆಲ್ಲ ಕೂಡಿದ್ದರೆ ‘ಇದೆ’ ಎಂಬ ಉತ್ತರವೇ ಹೆಚ್ಚು ಸಂಭವ, ಅಲ್ಲಿ ಕಿಟ್ ಸಾಕು, ಹಣವೂ ಉಳಿಯಿತು. ಗಂಭೀರ ಹೃದಯ ಅಥವಾ ಶ್ವಾಸಕೋಶದ ರೋಗ, ಹಿಂದೆ ಪಾರ್ಶ್ವವಾಯು, ವಿಪರೀತ ನಿದ್ರಾಹೀನತೆ ಇದ್ದವರು ನೇರ ಲ್ಯಾಬಿಗೇ ಹೋಗಬೇಕು. ಸಿಪ್ಯಾಪ್ ಮಾರುವವರು ಕೊಡುವ ‘ಉಚಿತ’ ಪರೀಕ್ಷೆಯ ಬಗ್ಗೆ ಮಾತ್ರ ನನಗೆ ತಾಳ್ಮೆಯಿಲ್ಲ. ಯಂತ್ರ ಮಾರಾಟವಾದರೆ ಲಾಭ ಪಡೆಯುವವನೇ ರೋಗವಿದೆಯೋ ಇಲ್ಲವೋ ಎಂದು ಹೇಳುವ ವ್ಯವಸ್ಥೆ ಅದು. ಎಲ್ಲೇ ಮಾಡಿಸಿ, ವರದಿಯಲ್ಲಿ ಸರಾಸರಿಯ ಪಕ್ಕದಲ್ಲಿ ಎಷ್ಟು ಗಂಟೆ ಸರಿಯಾಗಿ ದಾಖಲಾಗಿದೆ ಎಂದು ನೋಡಿ. ನಾಲ್ಕು ಗಂಟೆಗಿಂತ ಕಡಿಮೆಯಿದ್ದರೆ ಬಿಲ್ ಕಟ್ಟುವ ಮೊದಲೇ ಇನ್ನೊಂದು ರಾತ್ರಿಯ ದಾಖಲೆ ಕೇಳಿ.